‘ಎಕ್ಸ್‌ಪೆಕ್ಟೆಡ್ ಎಷ್ಟು?’ ಎಂದು ಕೇಳಿದಾಗ

ಕೊಡಿಗೇಹಳ್ಳಿಯ ಪಿಜಿಗಳಲ್ಲಿ ಇದ್ದುಕೊಂಡು ಮಾನ್ಯತಾ ಟೆಕ್ ಪಾರ್ಕಿಗೆ ಹೋಗಿಬರುವವರಿಗೆ ಈ ಫೋನು ಹೊಸದಲ್ಲ. ಕನ್ಸಲ್ಟೆನ್ಸಿಯವರು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮೂರು ಪ್ರಶ್ನೆ: ಕರೆಂಟ್ ಸಿಟಿಸಿ ಎಷ್ಟು, ಎಕ್ಸ್‌ಪೆಕ್ಟೆಡ್ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ? ಆ ಹುದ್ದೆಗೆ ಕಂಪನಿ ಇಟ್ಟಿರುವ ಬಜೆಟ್ಟು ಸಾಮಾನ್ಯವಾಗಿ ಅವರಿಗೆ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ತೊಡಕು ಇರುವುದೇ ಅಲ್ಲಿ.

ಎಂಟು ಲಕ್ಷ ಸಿಟಿಸಿಯ ಟೆಸ್ಟರ್ ಒಬ್ಬಳನ್ನು ಊಹಿಸಿಕೊಳ್ಳಿ. ಗಾಬರಿಯಲ್ಲಿ ‘ಹತ್ತು ಲಕ್ಷ’ ಅಂದುಬಿಟ್ಟಳು, ಅವರೂ ಒಪ್ಪಿಬಿಟ್ಟರು. ಶೇ 25ರಷ್ಟು ಏರಿಕೆ ಅಂತ ಮನೆಗೆಲ್ಲ ಫೋನು ಹೋಯಿತು. ಈಗ ಹಾಳೆ ಬಿಡಿಸಿ ನೋಡೋಣ. ಹಳೆಯ ಕಡೆ ವೇರಿಯಬಲ್ ಇರಲಿಲ್ಲ. ಪಿಎಫ್‌ಗೆ ಕಂಪನಿಯೂ ಅವಳೂ ತಿಂಗಳಿಗೆ ತಲಾ 1,800 ಕಟ್ಟುತ್ತಿದ್ದರು. ಗ್ರಾಚ್ಯುಟಿ, ವೃತ್ತಿ ತೆರಿಗೆ ಕಳೆದು ಕೈಗೆ ಸುಮಾರು 61,000 ಬರುತ್ತಿತ್ತು. ಹೊಸ ಹತ್ತು ಲಕ್ಷದಲ್ಲಿ ಒಂದೂವರೆ ಲಕ್ಷ ವೇರಿಯಬಲ್. ಐದು ಲಕ್ಷ ಬೇಸಿಕ್‌ನ ಶೇ 12ರಂತೆ ಕಂಪನಿಯ ಪಿಎಫ್ 60,000, ಗ್ರಾಚ್ಯುಟಿ ಸುಮಾರು 24,000. ಅಷ್ಟನ್ನೂ ಕಳೆದು, ಅವಳ ಪಾಲಿನ ಪಿಎಫ್ ಐದು ಸಾವಿರ, ವೃತ್ತಿ ತೆರಿಗೆ ಹಿಡಿದರೆ ಕೈಗೆ ಸುಮಾರು 58,600! ಪಿಎಫ್ ಅವಳದೇ ಉಳಿತಾಯ, ನಿಜ. ಆದರೆ ಪಿಜಿ ಬಾಡಿಗೆಯನ್ನು ಅದರಿಂದ ಕಟ್ಟಲಾಗದು.

ಹಾಗಾಗಿ ಲೆಕ್ಕವನ್ನು ತಳದಿಂದ ಮೇಲಕ್ಕೆ ಹಾಕಬೇಕು. ಕೈಗೆ 75,000 ಬಂದರೆ ಮಾತ್ರ ಕೆಲಸ ಬದಲಿಸುವೆ ಅನ್ನುವುದಾದರೆ, ಅದಕ್ಕೆ ಪಿಎಫ್, ವೃತ್ತಿ ತೆರಿಗೆ, ಗ್ರಾಚ್ಯುಟಿ ಸೇರಿಸಿದರೆ ವೇರಿಯಬಲ್ ಬಿಟ್ಟು ವರ್ಷಕ್ಕೆ ಹತ್ತೂವರೆ ಲಕ್ಷ ಆಗುತ್ತದೆ. ಫೋನಿನಲ್ಲಿ ಹೇಳುವ ಕೆಳಗಿನ ಅಂಕಿ ಇದೇ. ಅವರು ಹಿಡಿದುಕೊಳ್ಳುವುದು ಯಾವಾಗಲೂ ಕೆಳಗಿನದನ್ನೇ. ಒಪ್ಪಲಾಗದ್ದನ್ನು ಅಲ್ಲಿ ಇಡಬೇಡಿ.

ಅದಕ್ಕೂ ಮೊದಲು ಒಮ್ಮೆ ಕೇಳಿ ನೋಡಿ: ‘ಮೇಡಂ, ಈ ಪೊಸಿಷನ್‌ಗೆ ಬಜೆಟ್ ಎಷ್ಟಿದೆ?’ ಹಲವರು ಹೇಳುತ್ತಾರೆ. ಹೇಳದೆ ಒತ್ತಾಯಿಸಿದರೆ, ‘ಫಿಕ್ಸೆಡ್ ಹತ್ತೂವರೆಯಿಂದ ಹನ್ನೆರಡು. ಕೆಲಸದ ವಿವರ ಪೂರ್ತಿ ತಿಳಿದ ಮೇಲೆ ಮಾತಾಡೋಣ’ ಅಂದರೆ ಸಾಕು. ‘ಫಿಕ್ಸೆಡ್’ ಅನ್ನುವುದನ್ನು ನುಂಗಬೇಡಿ. ಹದಿನೈದು, ಹದಿನೆಂಟು ಅಂತ ಗಾಳಿಗೆ ಬಿಟ್ಟರೆ ಅವರು ಚೌಕಾಸಿಗೂ ಬರುವುದಿಲ್ಲ, ಮುಂದಿನ ಹೆಸರಿಗೆ ಹೋಗುತ್ತಾರೆ. ಅವರ ಬಜೆಟ್ಟು ಹತ್ತಕ್ಕೇ ನಿಲ್ಲುವುದಾದರೆ ಆ ಮಾತು ಎರಡು ನಿಮಿಷದಲ್ಲೇ ಮುಗಿಯುವುದು ನಿಮಗೂ ಲಾಭ.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೆಯ ಸಂಬಳ ಕೇಳುವುದಕ್ಕೇ ಕಾನೂನಿನ ತಡೆಯಿದೆ. ನಮ್ಮಲ್ಲಿ ಅಂಥದ್ದಿಲ್ಲ, ಆಫರ್ ಹಂತದಲ್ಲಿ ಮೂರು ತಿಂಗಳ ಪೇಸ್ಲಿಪ್ ಕೇಳುವುದೇ ರೂಢಿ. ಆದ್ದರಿಂದ ಕರೆಂಟ್ ಸಿಟಿಸಿಯನ್ನು ಉಬ್ಬಿಸಿ ಹೇಳಬೇಡಿ, ಸಿಕ್ಕಿಬೀಳುತ್ತೀರಿ. ನೌಕ್ರಿ ಪ್ರೊಫೈಲ್‌ನಲ್ಲಿ ಎರಡು ವರ್ಷದ ಹಿಂದೆ ತುಂಬಿದ ಸಂಬಳ ಹಾಗೇ ಇದ್ದರೆ ಇವತ್ತೇ ತಿದ್ದಿ. ಆಫರ್ ಬಂದಾಗ ಸಂಬಳದ ವಿವರದ ಹಾಳೆ ಕೈಗೆ ಸಿಗುವವರೆಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.