ಗೇಮಿಂಗ್ ಪಿಸಿ ಎಷ್ಟು ವರ್ಷ ಬರುತ್ತೆ? ಕೊಂಡ ದಿನದಿಂದ ಎಣಿಸಬೇಡಿ

ಹಿಟ್ನಾಳದಿಂದ ಒಬ್ಬ ಕೇಳುಗರ ವಾಯ್ಸ್ ಮೆಸೇಜ್ ಬಂದಿದೆ: “ಅಣ್ಣಾ, ಆರ್‌ಟಿಎಕ್ಸ್ 4060 ಹಾಕಿ ಪಿಸಿ ಕಟ್ಟಿಸ್ಬೇಕಂತ ಮಾಡೀನಿ. ಹೊಸ ಗೇಮಿಗೆ ಎಷ್ಟ್ ವರ್ಷ ನಡಿತೈತ್ರಿ? ಇಲ್ಲಾ ಹೊಸಪೇಟ್ಯಾಗ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1660 ಸೂಪರ್ ಅಗ್ಗಕ್ಕ ಸಿಗತೈತಿ, ಅದನ್ನ ತಗೊಳ್ಳೇನ್ರಿ?”

ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ದೊಡ್ಡ ಹೊಸ ಗೇಮ್ ಕನಿಷ್ಠ ಯಾವ ಕಾರ್ಡ್ ಕೇಳುತ್ತೆ ನೋಡಿ, ಆ ಕಾರ್ಡ್ ಮಾರುಕಟ್ಟೆಗೆ ಬಂದು ಎಷ್ಟು ವರ್ಷ ಆಗಿತ್ತು ಅಂತ ಎಣಿಸಿ. 2024ರ ಡಿಸೆಂಬರ್‌ನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್’ ಕೇಳಿದ್ದು ಆರ್‌ಟಿಎಕ್ಸ್ 2060 ಸೂಪರ್. ಅದು ಬಂದಿದ್ದು 2019ರ ಜುಲೈನಲ್ಲಿ. ಅಂದ್ರೆ ಸುಮಾರು ಐದೂವರೆ ವರ್ಷ. 2025ರ ಮೇನಲ್ಲಿ ಬಂದ ‘ಡೂಮ್: ದ ಡಾರ್ಕ್ ಏಜಸ್’ ಕೂಡ ಅದೇ ಕಾರ್ಡ್ ಕೇಳಿತು, ಅಲ್ಲಿಗೆ ಹತ್ತಿರ ಹತ್ತಿರ ಆರು ವರ್ಷ.

ಈಗ 4060 ತಗೊಳ್ಳಿ. ಅದು ಬಂದಿದ್ದು 2023ರ ಜೂನ್‌ನಲ್ಲಿ. ಐದೂವರೆ, ಆರು ವರ್ಷ ಸೇರಿಸಿದ್ರೆ 2028ರ ಕೊನೆ ಇಲ್ಲವೇ 2029ರ ನಡುಭಾಗ. ನೀವು 2026ರಲ್ಲಿ ಕೊಂಡ್ರೆ ಕೈಯಲ್ಲಿ ಉಳಿಯೋದು ಮೂರು ವರ್ಷದ ಆಸುಪಾಸು. ಅಂಗಡಿಯವರು ಹೊಸ ಡಬ್ಬಿ ಒಡೆದು ಕೊಟ್ಟರೂ ಕಾರ್ಡಿನ ವಯಸ್ಸು ಸೊನ್ನೆಗೆ ಇಳಿಯಲ್ಲ. ಇನ್ನೊಂದು ಮಾತು, ಆ ಎರಡೂ ಗೇಮ್ ಕೇಳಿದ್ದು 8 ಜಿಬಿ ಗ್ರಾಫಿಕ್ಸ್ ಮೆಮೊರಿ. 4060ರಲ್ಲಿ ಇರೋದೂ ಅಷ್ಟೇ. ವೇಗ ಕಡಿಮೆಯಾದ್ರೆ ಸೆಟ್ಟಿಂಗ್ ಇಳಿಸಿ ಆಡಬಹುದು. ಮೆಮೊರಿ ಸಾಲದೇ ಹೋದ್ರೆ ಆಟ ತಡೆತಡೆದು ಓಡುತ್ತೆ, ಗೋಡೆ-ಬಟ್ಟೆಯ ಚಿತ್ರ ಮಸುಕಾಗುತ್ತೆ. ಹಾಗಾಗಿ ನಾನು 2028 ಅಂತಲೇ ಇಟ್ಕೋತೀನಿ, ಅದೂ 1080ಪಿ ತೆರೆಯಲ್ಲಿ.

1660 ಸೂಪರ್ ಕಥೆ ಬೇರೆ. ಅದು 2019ರ ಅಕ್ಟೋಬರ್‌ನದು, 2060 ಸೂಪರ್‌ಗಿಂತ ಮೂರು ತಿಂಗಳು ಚಿಕ್ಕದು! ಆದ್ರೆ ಅದರೊಳಗೆ ರೇ ಟ್ರೇಸಿಂಗ್ ಮಾಡುವ ಭಾಗವೇ ಇಲ್ಲ. ಇಂಡಿಯಾನಾ ಜೋನ್ಸ್, ಡೂಮ್ ಎರಡಕ್ಕೂ ಆ ಭಾಗ ಬೇಕೇ ಬೇಕು. ಇಲ್ಲಿ ಯಾವ ಸೆಟ್ಟಿಂಗ್ ಇಳಿಸಿದರೂ ಪ್ರಯೋಜನ ಇಲ್ಲ. ಎಲ್ಲ ಗೇಮ್ ಹೀಗೇ ಅಂತಲ್ಲ. 2025ರ ಮಾರ್ಚ್‌ನ ‘ಅಸ್ಸಾಸಿನ್ಸ್ ಕ್ರೀಡ್ ಶ್ಯಾಡೋಸ್’ 2016ರ ಜಿಟಿಎಕ್ಸ್ 1070ನ್ನೂ ಒಪ್ಪಿಕೊಂಡಿತ್ತು. ಆದ್ರೆ ಅದಕ್ಕೂ ಬೇಕಾಗಿದ್ದು 8 ಜಿಬಿ. 1660 ಸೂಪರ್‌ನಲ್ಲಿ 6 ಮಾತ್ರ. ಹಳೇ ಗೇಮ್ ಆಡೋರಿಗೆ ಸರಿ, ಹೊಸ ಗೇಮಿಗಾಗಿ ಅಂದ್ರೆ ಬ್ಯಾಡ್ರಿ.

ನಮ್ಮ ಕೊಪ್ಪಳದ ಕಡೆ ಇನ್ನೊಂದು ಮೋಸ ಆಗುತ್ತೆ. ಏಪ್ರಿಲ್ ಬಿಸಿಲಿಗೆ, ಫ್ಯಾನಿಗೆ ಕೂತ ಧೂಳಿಗೆ ಕಾರ್ಡ್ ಕಾದು ತಾನೇ ವೇಗ ಇಳಿಸುತ್ತೆ. ನಾವು ‘ಹಳೇದಾಯ್ತು’ ಅಂದ್ಕೋತೀವಿ. ಆಟ ನಡೀತಿರುವಾಗ Task Manager ತೆರೆದು Performance ಒಳಗಿನ GPU ನೋಡಿ. Dedicated GPU memory ತುಂಬಿ Shared GPU memory ಏರುತ್ತಿದ್ರೆ ಮೆಮೊರಿ ಸಾಲ್ತಿಲ್ಲ ಅಂತ. ಅದು ಖಾಲಿ ಇದ್ದೂ GPU Temperature 80 ದಾಟಿ ಏರುತ್ತಲೇ ಇದ್ರೆ, ಹೊಸ ಕಾರ್ಡಿಗೆ ದುಡ್ಡು ಕೂಡಿಸೋ ಮೊದಲು ಪಿಸಿ ಬಿಚ್ಚಿ ಧೂಳು ಹೊಡೀರಿ.