ಕೇಬಲ್ ಸತ್ತ, ಅವನ ರೋಗಾಣು ಉಳಿಯಿತು

1915ರ ಮಾರ್ಚ್ 13ರಂದು ಫ್ರಾನ್ಸಿನ ಕಡಲ ದಂಡೆಯ ವಿಮೆರೊ ಎಂಬ ಊರಿನ ಸೇನಾ ಆಸ್ಪತ್ರೆಯಲ್ಲಿ ಅರ್ನೆಸ್ಟ್ ಕೇಬಲ್ ಎಂಬ ಬ್ರಿಟಿಷ್ ಸಿಪಾಯಿ ರಕ್ತಭೇದಿಯಿಂದ ಸತ್ತ. ಈಸ್ಟ್ ಸರೆ ರೆಜಿಮೆಂಟಿನವನು. ಆ ವರ್ಷ ಗುಂಡಿಗೆ ಬಲಿಯಾದವರಂತೆಯೇ ಹೊಟ್ಟೆಕೆಟ್ಟು ಸತ್ತವರೂ ಬೇಕಾದಷ್ಟು ಮಂದಿ. ಕೇಬಲ್‌ನ ಹೆಸರು ಸಮಾಧಿ ಕಲ್ಲಿನ ಮೇಲಷ್ಟೇ ಉಳಿಯಬೇಕಿತ್ತು. ಆದರೆ ಅಲ್ಲಿದ್ದ ಸೇನಾ ವೈದ್ಯ ವಿಲಿಯಂ ಬ್ರೌಟನ್-ಆಲ್ಕಾಕ್ ಅವನನ್ನು ಕೊಂದ ಶಿಗೆಲ್ಲಾ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಬೆಳೆಸಿಟ್ಟರು. 1920ರಲ್ಲಿ ಲಂಡನ್ನಿನ ಲಿಸ್ಟರ್ ಇನ್‌ಸ್ಟಿಟ್ಯೂಟಿನಲ್ಲಿ ‘ನ್ಯಾಷನಲ್ ಕಲೆಕ್ಷನ್ ಆಫ್ ಟೈಪ್ ಕಲ್ಚರ್ಸ್’ ಶುರುವಾದಾಗ ಅದರ ಪಟ್ಟಿಯ ಮೊದಲ ನಂಬರು ಅದಕ್ಕೇ ಸಿಕ್ಕಿತು. ಎನ್‌ಸಿಟಿಸಿ 1.

2014ರಲ್ಲಿ ಸಂಶೋಧಕರು ಆ ಸಿಪಾಯಿಯಿಂದ ತೆಗೆದು ಒಣಗಿಸಿಟ್ಟಿದ್ದ ಬ್ಯಾಕ್ಟೀರಿಯವನ್ನು ಎಬ್ಬಿಸಿ, ಅದರ ಇಡೀ ಜೀನೋಮ್ ಓದಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಪೆನ್ಸಿಲಿನ್ ಅದರ ಮೇಲೆ ಕೆಲಸ ಮಾಡಲಿಲ್ಲ. ಫ್ಲೆಮಿಂಗ್ ಪೆನ್ಸಿಲಿನ್ ಕಂಡದ್ದು 1928ರಲ್ಲಿ. ಔಷಧ ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲೇ ಅದನ್ನು ತಡೆಯುವ ಶಕ್ತಿ ಈ ಜೀವಿಯಲ್ಲಿತ್ತು! ಫ್ಲೆಮಿಂಗ್ ಅವರ ಮೂಗಿನಿಂದಲೇ ತೆಗೆದ ಒಂದು ಬ್ಯಾಕ್ಟೀರಿಯವೂ ಇದೇ ಸಂಗ್ರಹದಲ್ಲಿದೆ ಎಂಬುದು ಬೇರೆ ಮಾತು.

ಓದಿದ ಮೇಲೆ ನನ್ನನ್ನು ಕಾಡಿದ್ದು ಜೀನೋಮ್ ಅಲ್ಲ. ಕಣ್ಣಿಗೆ ಕಾಣದ, ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗಬಲ್ಲ ಜೀವಿಯೊಂದನ್ನು ನೂರು ವರ್ಷ ಇದ್ದ ಹಾಗೆಯೇ ಇಡುವುದು ಹೇಗೆ? ಅದನ್ನು ಕೇಳಿಕೊಂಡು ಹೋಗಿದ್ದು ಧಾರವಾಡದ ಕಡೆಯ ಒಂದು ಸೂಕ್ಷ್ಮಜೀವಿ ಪ್ರಯೋಗಾಲಯಕ್ಕೆ. ಅಲ್ಲಿನ ಹಿರಿಯ ತಂತ್ರಜ್ಞೆಯನ್ನು ವಿದ್ಯಾರ್ಥಿಗಳೆಲ್ಲ ಅಕ್ಕಾರು ಎನ್ನುತ್ತಾರೆ. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ. ಬೇಳೆಕಾಳು ಗಿಡಗಳ ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಗಳ ಸಂಗ್ರಹ ಅವರ ವಶದಲ್ಲಿದೆ.

“ಇಡೋದು ಕಷ್ಟ ಅಲ್ರೀ. ಇಟ್ಟದ್ದು ಅದs ಐತೋ ಇಲ್ಲೋ ಅನ್ನೋದು ಕಷ್ಟ,” ಎಂದು ಶುರುಮಾಡಿದರು.

ಎಲ್ಲಕ್ಕಿಂತ ಹಳೆಯ ದಾರಿ ಸ್ಲ್ಯಾಂಟ್. ಪರೀಕ್ಷಾನಳಿಕೆಗೆ ಐದಾರು ಮಿ.ಲೀ. ಬಿಸಿ ಅಗರ್ ಹುಯ್ದು, ಓರೆಯಾಗಿ ಮಲಗಿಸಿ ಆರಲು ಬಿಟ್ಟರೆ ಇಳಿಜಾರಿನ ಹಾಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಲೂಪಿನಿಂದ ಒಂದು ಗೆರೆ ಎಳೆದು, ಬ್ಯಾಕ್ಟೀರಿಯ ಬೆಳೆದ ಮೇಲೆ 4 ಡಿಗ್ರಿಯ ಫ್ರಿಜ್ಜಿನಲ್ಲಿಡುತ್ತಾರೆ. ತಿಂಗಳೆರಡು ತಿಂಗಳಿಗೆ ಹೊಸ ನಳಿಕೆಗೆ ಬದಲಾಯಿಸಬೇಕು, ಇದೇ ಸಬ್‌ಕಲ್ಚರ್. ಮೇಲೆ ಕ್ರಿಮಿಶುದ್ಧ ಪ್ಯಾರಾಫಿನ್ ಎಣ್ಣೆಯನ್ನು ಸ್ಲ್ಯಾಂಟಿನ ತುದಿಯಿಂದ ಒಂದು ಸೆಂ.ಮೀ. ಮೇಲೆ ಬರುವಷ್ಟು ಹುಯ್ದರೆ ಅಗರ್ ಒಣಗುವುದಿಲ್ಲ, ಗಾಳಿಯೂ ಸಾಲದು. ಎಷ್ಟೋ ಬ್ಯಾಕ್ಟೀರಿಯಗಳು ವರ್ಷ ದಾಟುತ್ತವೆ. ಕರೆಂಟ್ ಹೋದರೂ ಯೋಚನೆ ಇಲ್ಲದ, ಬಡ ಕಾಲೇಜಿಗೂ ಕೈಗೆಟಕುವ ವಿದ್ಯೆ ಇದು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕುವುದೂ ಇದೇ ಕೆಲಸ.

ತೊಡಕಿರುವುದೂ ಅಲ್ಲೇ. ಅಕ್ಕಾರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಲೂಪಿನಲ್ಲಿ ಹತ್ತು ಲಕ್ಷ ಜೀವಕೋಶ ಹೋಯಿತು, ಹೊಸ ಸ್ಲ್ಯಾಂಟಿನಲ್ಲಿ ನೂರು ಕೋಟಿ ಆಯಿತು ಎನ್ನಿ. ಸಾವಿರ ಪಟ್ಟು ಎಂದರೆ ಹತ್ತು ತಲೆಮಾರು. ತಿಂಗಳಿಗೊಮ್ಮೆ ಬದಲಾಯಿಸಿದರೆ ವರ್ಷಕ್ಕೆ 120, ಹತ್ತು ವರ್ಷಕ್ಕೆ 1,200 ತಲೆಮಾರು. ಒಂದೊಂದು ತಲೆಮಾರಿನಲ್ಲೂ ನಕಲಿನ ತಪ್ಪಿಗೆ ಅವಕಾಶವಿದೆ. ಇದರ ಜೊತೆಗೆ ಹೊಸಬರು ಮಾಡುವ ಒಂದು ಎಡವಟ್ಟು: ನೋಡಲು ಚೆಂದ ಬೆಳೆದ ಒಂದೇ ಕಾಲೊನಿಯನ್ನು ಆರಿಸಿ ಮುಂದಿನ ನಳಿಕೆಗೆ ಹಾಕುವುದು. ಆ ಒಂದು ಕಾಲೊನಿ ಬದಲಾದ ಜೀವಕೋಶದ್ದಾಗಿದ್ದರೆ ಅಲ್ಲಿಂದಾಚೆಗೆ ಇಡೀ ಸಂತತಿ ಅದರದೇ. ಅದಕ್ಕೇ ಅವರು ಹಲವು ಕಾಲೊನಿಗಳನ್ನು ಲೂಪಿನಿಂದ ಸವರಿಕೊಂಡು ತೆಗೆಯುತ್ತಾರೆ.

ಅವರ ಬಳಿ ಬೀನ್ಸಿನ ರೈಜೋಬಿಯಂ ಒಂದಿತ್ತು. ವರ್ಷಗಟ್ಟಲೆ ಸ್ಲ್ಯಾಂಟಿನಲ್ಲೇ ಸಾಗಿಬಂದದ್ದು. ಪ್ಲೇಟಿನ ಮೇಲೆ ಲೋಳೆಲೋಳೆಯಾಗಿ, ಬೆಳ್ಳಗೆ, ಪುಸ್ತಕದಲ್ಲಿರುವಂತೆಯೇ ಬೆಳೆಯುತ್ತಿತ್ತು. ಕಾಂಗೋ ರೆಡ್ ಬಣ್ಣ ಹಾಕಿದ ಅಗರಿನಲ್ಲೂ ಬಣ್ಣ ಹೀರದೆ ಪಾಸಾಯಿತು. ಬೀಜಕ್ಕೆ ಲೇಪಿಸಿ, ಕ್ರಿಮಿಶುದ್ಧ ಮರಳಿನ ಜಾಡಿಯಲ್ಲಿ ಬಿತ್ತಿ ಐದು ವಾರದ ಮೇಲೆ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಒಂದು ಗಂಟೂ ಇರಲಿಲ್ಲ. ಎಲೆ ಹಳದಿಗೆ ತಿರುಗಿತ್ತು. ಬೀನ್ಸ್ ರೈಜೋಬಿಯಂನಲ್ಲಿ ಗಂಟು ಕಟ್ಟುವ ಜೀನುಗಳಿರುವುದು ಪ್ಲಾಸ್ಮಿಡ್ ಎಂಬ ಬಿಡಿ ಡಿಎನ್ಎ ಬಳೆಯಲ್ಲಿ. ಅಗರಿನ ಮೇಲೆ ಕೂತು ಉಣ್ಣುವವರಿಗೆ ಆ ಬಳೆಯಿಂದ ಕೆಲಸವಿಲ್ಲ. ಕಳಚಿಹೋದರೆ ತಿಳಿಯುವುದು ಗಿಡಕ್ಕೆ ಮಾತ್ರ. ಒಳ್ಳೆಯ ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣಬೇಕು. ಆ ಬಣ್ಣ ನೋಡುವವರೆಗೆ ಅಕ್ಕಾರು ಯಾವ ಲೇಬಲ್ಲನ್ನೂ ನಂಬುವುದಿಲ್ಲ.

ಬಿಸಿಜಿ ಲಸಿಕೆಯ ಕಥೆಯೂ ಇದೇ. ಕಾಲ್ಮೆಟ್ ಮತ್ತು ಗೆರಾಂ ದನದ ಕ್ಷಯಾಣುವನ್ನು ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆ ಚೂರಿನ ಮೇಲೆ ಮೂರು ವಾರಕ್ಕೊಮ್ಮೆ ಬದಲಾಯಿಸುತ್ತ 1908ರಿಂದ 1921ರವರೆಗೆ ಸುಮಾರು 230 ಸಲ ಸಾಗಿಸಿದರು. ಅದರ ವಿಷ ಇಳಿದುಹೋಯಿತು, ಲಸಿಕೆ ಹುಟ್ಟಿತು. ಲಸಿಕೆಯಾದ ಮೇಲೂ ದೇಶದೇಶಗಳ ಲ್ಯಾಬುಗಳು ಅದನ್ನು ಸಬ್‌ಕಲ್ಚರ್ ಮಾಡುತ್ತಲೇ ಹೋದವು. ಹೀಗಾಗಿ ಪ್ಯಾರಿಸ್ಸಿನದು, ಟೋಕಿಯೊದ್ದು, ಡೆನ್ಮಾರ್ಕಿನದು ಒಂದಕ್ಕೊಂದು ಬೇರೆಯಾದವು. 1960ರ ದಶಕದಲ್ಲಿ ಮೂಲ ಬೀಜವನ್ನು ಒಣಗಿಸಿ ಇಡುವ ಪದ್ಧತಿ ನೆಲೆಯಾದ ಮೇಲೆಯೇ ಆ ಓಟ ನಿಂತದ್ದು.

ಹಾಗಾದರೆ ಬೆಳೆಯುವುದನ್ನೇ ನಿಲ್ಲಿಸಬೇಕು. ಗ್ಲಿಸರಾಲ್ ಸ್ಟಾಕ್ ಮಾಡುವುದು ಅದನ್ನೇ. ರಾತ್ರಿಯಿಡೀ ಬೆಳೆಸಿದ ದ್ರವ 0.7 ಮಿ.ಲೀ., ಕ್ರಿಮಿಶುದ್ಧ 50 ಶೇಕಡಾ ಗ್ಲಿಸರಾಲ್ 0.3 ಮಿ.ಲೀ.; ಪುಟ್ಟ ವಯಲ್‌ನಲ್ಲಿ ಬೆರೆಸಿ ಮೈನಸ್ 80ರ ಡೀಪ್ ಫ್ರೀಜರಿಗೆ. ಗ್ಲಿಸರಾಲ್ ಭಾರ, ತಳಕ್ಕೆ ಇಳಿದು ಕೂರುತ್ತದೆ. ಒಳಗಿನ ಜಿಡ್ಡುಗೆರೆ ಮಾಯವಾಗುವವರೆಗೆ ವಯಲ್ ಮೇಲೆಕೆಳಗೆ ಮಾಡಬೇಕು. ಗ್ಲಿಸರಾಲ್ ಇಲ್ಲದಿದ್ದರೆ ನೀರು ಹರಳುಗಟ್ಟಿ ಉಳಿದ ಉಪ್ಪೆಲ್ಲ ಒಂದೆಡೆ ಸಾಂದ್ರವಾಗಿ ಜೀವಕೋಶ ಸಾಯುತ್ತದೆ. ಬೇಕಾದಾಗ ವಯಲ್ ಕರಗಿಸಕೂಡದು. ಮಂಜಿನ ಮೇಲ್ಮೈಯನ್ನು ಲೂಪಿನಿಂದ ಕೆರೆದು ಪ್ಲೇಟಿಗೆ ಗೀಚಿ, ತಕ್ಷಣ ಒಳಗಿಡಬೇಕು. ಕರಗಿದಾಗಲೆಲ್ಲ ಒಂದಿಷ್ಟು ಸಾಯುತ್ತವೆ.

ಆದರೆ ಫ್ರೀಜರ್ ಕರೆಂಟಿನ ಕೂಸು. ಒಮ್ಮೆ ಸಾಲುಸಾಲು ರಜೆಯಲ್ಲಿ ಕರೆಂಟ್ ಹೋಗಿ, ಜನರೇಟರ್ ತಾನಾಗಿ ಹೊತ್ತಿಕೊಳ್ಳಲಿಲ್ಲವಂತೆ. ರಜೆ ಮುಗಿಸಿ ಬಂದಾಗ ಫ್ರೀಜರ್ ಮತ್ತೆ ತಣ್ಣಗಿತ್ತು, ಬಾಗಿಲಿನ ಅಂಕಿಯೂ ಸರಿಯಿತ್ತು. ಒಳಗೆ ಬಟ್ಟಲಿನ ಮಂಜಿನ ಮೇಲೆ ನಾಣ್ಯವಿಡುವ ಉಪಾಯ ಅವರಿಗೆ ಗೊತ್ತಿತ್ತು: ನಾಣ್ಯ ಮುಳುಗಿದ್ದರೆ ಮಂಜು ಕರಗಿತ್ತು ಎಂದರ್ಥ. ಅಂದು ನಾಣ್ಯ ಮೇಲೆಯೇ ಇತ್ತು, ಆದರೂ ಕೆಲವು ವಯಲ್‌ಗಳು ಏಳಲಿಲ್ಲ. ಬಟ್ಟಲಿನಲ್ಲಿದ್ದದ್ದು ಬರೀ ನೀರು, ಅದು ಕರಗುವುದು ಸೊನ್ನೆಯಲ್ಲಿ. ಗ್ಲಿಸರಾಲ್ ಸ್ಟಾಕ್ ಅದಕ್ಕಿಂತ ನಾಲ್ಕೈದು ಡಿಗ್ರಿ ಕೆಳಗೇ ಕರಗುತ್ತದೆ. ಈಗ ಅವರ ನಾಣ್ಯ ಕೂತಿರುವುದು 15 ಶೇಕಡಾ ಗ್ಲಿಸರಾಲಿನ ಮೇಲೆ.

ಇನ್ನು ಫ್ರೀಜ್ ಡ್ರೈಯಿಂಗ್. ನೋಡಲು ಹೋದದ್ದೇ ಇದನ್ನು. ಬೆಳೆದ ಬ್ಯಾಕ್ಟೀರಿಯವನ್ನು 10 ಶೇಕಡಾ ಕೆನೆ ತೆಗೆದ ಹಾಲಿನಲ್ಲಿ ಕಲಸುತ್ತಾರೆ. ಹಾಲನ್ನು 121 ಡಿಗ್ರಿಯಲ್ಲಿ ಹೆಚ್ಚು ಹೊತ್ತು ಕಾಯಿಸಿದರೆ ಕಂದುಬಣ್ಣಕ್ಕೆ ತಿರುಗಿ ಕೆಡುತ್ತದೆ. ಅವರು 115ರಲ್ಲಿ ಹತ್ತೇ ನಿಮಿಷ. ತೆಳ್ಳನೆಯ ಗಾಜಿನ ಆಂಪೂಲಿಗೆ ಮೊದಲು ನಂಬರಿನ ಕಾಗದದ ಚೂರು, ಆಮೇಲೆ 0.2 ಮಿ.ಲೀ. ಕಲಸು, ಮೇಲೆ ಹತ್ತಿಯ ಬಿರಡೆ. ನಂಬರನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಶಾಯಿ ಹಾಲಿಗೆ ಇಳಿಯುತ್ತದೆ. ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಮರುದಿನ ಯಂತ್ರದ ಕೊಳವೆಗಳಿಗೆ ಆಂಪೂಲು ಸಿಕ್ಕಿಸಿ ಪಂಪು ಹಾಕುತ್ತಾರೆ. ಗಾಳಿಯೊತ್ತಡ ಇಳಿದಾಗ ಮಂಜು ನೀರಾಗದೆ ನೇರ ಆವಿಯಾಗಿ ಹೋಗುತ್ತದೆ. ಉಳಿಯುವುದು ಹಗುರಾದ ಬಿಳಿ ಬಿಲ್ಲೆ. ಅದು ಕುಗ್ಗಿ, ಅಂಟಂಟಾಗಿ ಗಾಜಿಗೆ ಮೆತ್ತಿಕೊಂಡಿದ್ದರೆ ನಡುವೆ ಕರಗಿದೆ ಎಂದು ತಿಳಿದು ಎಸೆದುಬಿಡುತ್ತಾರೆ.

ಪಂಪು ಓಡುತ್ತಿರುವಾಗಲೇ ಆಂಪೂಲಿನ ಕತ್ತಿಗೆ ಉರಿ ಹಿಡಿಯಬೇಕು. ಗಾಜು ಕೆಂಪೇರಿ ಜೋಲತೊಡಗಿದ ಕ್ಷಣದಲ್ಲಿ ಅಕ್ಕಾರು ಒಮ್ಮೆ ತಿರುಚಿ ಎಳೆದರು, ಮುಚ್ಚಿಕೊಂಡಿತು. ಆಮೇಲೆ ಕೋಣೆಯ ದೀಪ ಆರಿಸಿ, ಸ್ಪಾರ್ಕ್ ಟೆಸ್ಟರ್ ಎಂಬ ಕೈಯಳತೆಯ ಸಾಧನವನ್ನು ಗಾಜಿನ ಹತ್ತಿರ ತಂದರು. ಒಳಗೆಲ್ಲ ನೇರಳೆ ನೀಲಿ ಬೆಳಕು ತುಂಬಿತು. ಬೆಳಕು ಬಂದರೆ ಒಳಗೆ ಗಾಳಿಯಿಲ್ಲ. ಪಕ್ಕದ್ದು ಹೊತ್ತಿಕೊಳ್ಳಲಿಲ್ಲ, ಕೂದಲೆಳೆಯಷ್ಟು ಬಿರುಕು. ಅದು ಆಟೋಕ್ಲೇವಿಗೆ ಹೋಯಿತು.

ಒಣಗಿಸುವಾಗ ಸಾಯುವವೂ ಇವೆ. ಅದಕ್ಕೇ ಒಂದು ಆಂಪೂಲನ್ನು ಕೂಡಲೇ ಒಡೆದು ಎಣಿಸುತ್ತಾರೆ. ಇನ್ನೊಂದನ್ನು ಕೆಲವು ವಾರ 37 ಡಿಗ್ರಿಯಲ್ಲಿಟ್ಟು ಸತಾಯಿಸಿ ಎಣಿಸುತ್ತಾರೆ. ಆ ಸೆಕೆಯನ್ನು ತಾಳಿಕೊಂಡರೆ ಕತ್ತಲಲ್ಲಿ, ತಣ್ಣಗೆ ವರ್ಷಾನುಗಟ್ಟಲೆ ತಾಳುತ್ತದೆ ಎಂಬ ಅಂದಾಜು. ತೆರೆಯುವುದಕ್ಕೂ ಕ್ರಮವಿದೆ. ಹತ್ತಿ ಇರುವ ಜಾಗದ ನಡುವೆ ಅರದಿಂದ ಗೀರು ಹಾಕಿ, ಕಾಯಿಸಿದ ಗಾಜಿನ ಕಡ್ಡಿ ಮುಟ್ಟಿಸಿದರೆ ಆಂಪೂಲು ಬಿರಿಯುತ್ತದೆ. ಗಾಳಿ ಹತ್ತಿಯ ಮೂಲಕ ನಿಧಾನ ಒಳಹೋಗಬೇಕು. ಒಮ್ಮೆಲೇ ಮುರಿದರೆ ಪುಡಿ ಹಾರಿ ಮೂಗಿಗೆ ಬಂದೀತು. ಕೇಬಲ್‌ನ ರಕ್ತಭೇದಿಯಂಥದ್ದಾದರೆ ಅದು ಸಣ್ಣ ವಿಷಯವಲ್ಲ.

ಈ ಸಂಗ್ರಹಗಳ ಇತಿಹಾಸ ಅಕ್ಕಾರು ಚಹಾ ಕುಡಿಯುತ್ತ ಹೇಳಿದ್ದಷ್ಟೇ. ಪ್ರಾಗ್‌ನ ಕ್ರಾಲ್ ಎಂಬುವರು 1890ರ ಸುಮಾರಿಗೆ ಮೊದಲು ಶುರುಮಾಡಿದರು. ಅವರು 1911ರಲ್ಲಿ ತೀರಿಕೊಂಡ ಮೇಲೆ ಸಂಗ್ರಹ ವಿಯೆನ್ನಾಕ್ಕೆ ಹೋಯಿತು, ಅಲ್ಲಿ ಉಳಿದದ್ದು ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ ಒಂದಿದೆ, ಚಂಡೀಗಢದಲ್ಲಿ 1986ರಲ್ಲಿ ಆರಂಭವಾದ ಎಂಟಿಸಿಸಿ ಇದೆ.

ಅಲ್ಲಿಗೆ ಹೋಗದವೇ ಹೆಚ್ಚು. ಪಿಎಚ್‌ಡಿ ಮುಗಿದ ಮೇಲೆ ಬಿಟ್ಟುಹೋದ ಸ್ಲ್ಯಾಂಟುಗಳು, ಮೇಷ್ಟ್ರು ನಿವೃತ್ತರಾದ ಮೇಲೆ ಯಾರೂ ಬದಲಾಯಿಸದ ನಳಿಕೆಗಳು ನಮ್ಮ ಎಷ್ಟೋ ಕಾಲೇಜುಗಳ ಫ್ರಿಜ್ಜಿನಲ್ಲಿ ಒಣಗಿ ಚರ್ಮದಂತಾಗಿವೆ. ಅಕ್ಕಾರ ರಿಜಿಸ್ಟರಿನಲ್ಲಿ ಚಿತ್ರದುರ್ಗದ ಕಡೆಯ ಒಂದು ಹೊಂಗೆ ಮರದ ಬೇರಿನಿಂದ ತೆಗೆದ ಬ್ಯಾಕ್ಟೀರಿಯವಿದೆ. ರಸ್ತೆ ಅಗಲ ಮಾಡುವಾಗ ಮರ ಹೋಯಿತು. ಸ್ಲ್ಯಾಂಟು ಇನ್ನೂ ಇದೆ, ಆಂಪೂಲಿಗೆ ಹಾಕುವುದು ಬಾಕಿ. ಬರುವ ವರ್ಷ ಅವರ ನಿವೃತ್ತಿ. ಉರಿಯಲ್ಲಿ ಗಾಜು ತಿರುಚುವ ಕೈ ಬೇರೆ ಯಾರಿಗೂ ಇನ್ನೂ ಕೂತಿಲ್ಲ.

ಇವತ್ತೇ ಯಾಕೆ ಹಾಕಬಾರದು ಎಂದೆ.

“ಪಂಪಿನ ಎಣ್ಣಿ ಕೆಟ್ಟೈತ್ರೀ, ವ್ಯಾಕ್ಯೂಮ್ ಪೂರ್ತಿ ಹಿಡಿಯವಲ್ದು. ನಿಮಗ ತೋರಿಸಲಿಕ್ಕಂತ ನಾಕು ಆಂಪೂಲ್ ಹೆಂಗೋ ಮಾಡೀನಿ. ಹೊಸ ಎಣ್ಣಿಗೆ ಬರದ್ರ, ಮೂರು ಕೊಟೇಶನ್ ತರ್ರಿ ಅಂದಾರ. ಎರಡು ಬಂದಾವ.”