ಕೊಂಡಿಯೊಳಗಿನ ಕೆರೆ, ಕೊಲ್ಲಿ

‘ಏನ್ರೀ, ರಿಂಗಿನೊಳಗೆ ಸೀಸ ತುಂಬಿಸಿಬಿಟ್ಟಿದ್ದೀರಲ್ಲ!’

ಆಭರಣದಂಗಡಿಯ ಯಜಮಾನರು ಅಚ್ಚಿನ ಮಾದರಿ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಕಡುಗೆಂಪು ಪುಟದ ಮೇಲೆ ಕರಿಮಣಿ ಸರ. ಮಣಿಗಳು ಚೆನ್ನಾಗಿದ್ದವು, ಚಿನ್ನದ ಗುಂಡುಗಳೂ ಮಿನುಗುತ್ತಿದ್ದವು. ಆದರೆ ಸರದ ಎರಡು ತುದಿಗಳನ್ನು ಸೇರಿಸುವ ಕೊಂಡಿಯ ಬಳಿ, ಪುಟದ ಕೆಂಪು ಕಾಣಬೇಕಿದ್ದ ಪುಟ್ಟ ರಿಂಗುಗಳ ಒಳಗೆಲ್ಲ ಬೂದು ಬಣ್ಣ. ಫೋಟೋ ತೆಗೆದಾಗ ಸರದ ಕೆಳಗಿದ್ದ ಹಾಳೆಯ ಬಣ್ಣ ಅದು. ಸರದ ಹೊರಗಿನ ಗೆರೆಯನ್ನು ಅಷ್ಟು ಜತನದಿಂದ ಕತ್ತರಿಸಿದವನು ಒಳಗಿನ ತೂತುಗಳನ್ನು ಮರೆತಿದ್ದೆ.

ಒಡವೆಯ ಚಿತ್ರವನ್ನು ಹಿನ್ನೆಲೆಯಿಂದ ಬಿಡಿಸುವುದಕ್ಕೆ ನಮ್ಮವರು ‘ಕಟೌಟ್’ ಎನ್ನುತ್ತಾರೆ. ಫೋಟೋಶಾಪ್‌ನಲ್ಲಿ ಒಂದೇ ಕ್ಲಿಕ್ಕಿಗೆ ಒಂದೇ ಬಣ್ಣದ ಜಾಗವನ್ನೆಲ್ಲ ಹಿಡಿದುಕೊಡುವ ಉಪಕರಣಗಳಿವೆ. ಚಪ್ಪಲಿಗೋ ಚೀಲಕ್ಕೋ ಅವು ಸಾಕು. ಚಿನ್ನದ ಮುಂದೆ ಮಾತ್ರ ಸೋಲುತ್ತವೆ. ಉಜ್ಜಿದ ಚಿನ್ನ ಕನ್ನಡಿಯ ಹಾಗೆ. ಕೆಳಗಿನ ಬಿಳಿ ಹಾಳೆಯನ್ನೇ ತನ್ನ ಅಂಚಿನಲ್ಲಿ ತೋರಿಸುತ್ತದೆ. ಹಾಳೆ ಎಲ್ಲಿ ಮುಗಿಯಿತು, ಲೋಹ ಎಲ್ಲಿ ಶುರುವಾಯಿತು ಎಂಬ ಗೆರೆ ಕೆಲವು ಕಡೆ ಚಿತ್ರದಲ್ಲಿ ಇರುವುದೇ ಇಲ್ಲ. ಅಲ್ಲಿ ಗೆರೆ ಎಳೆಯಬೇಕಾದದ್ದು ರಿಂಗು ದುಂಡಗಿರುತ್ತದೆ ಎಂದು ಗೊತ್ತಿರುವ ಮನುಷ್ಯ. ಅವನ ಕೈಗೆ ಇರುವುದು ಪೆನ್ ಟೂಲ್.

ಪೆನ್ ಎಂದರೂ ಇದರಲ್ಲಿ ಬರೆಯುವುದಿಲ್ಲ, ಚುಕ್ಕೆ ಇಡುತ್ತೇವೆ. ಒಂದು ಕಡೆ ಒತ್ತಿ ಎಳೆದರೆ ಚುಕ್ಕೆಯ ಎರಡೂ ಬದಿಗೆ ಮೀಸೆಯಂತೆ ಎರಡು ಹಿಡಿಕೆ ಚಾಚಿಕೊಳ್ಳುತ್ತವೆ. ಮುಂದಿನ ಚುಕ್ಕೆಗೆ ಹೋಗುವ ಗೆರೆ ಎತ್ತ ಬಾಗಬೇಕು, ಎಷ್ಟು ಬಾಗಬೇಕು ಎಂಬುದನ್ನು ಆ ಹಿಡಿಕೆಗಳ ದಿಕ್ಕು ಮತ್ತು ಉದ್ದ ನಿರ್ಧರಿಸುತ್ತವೆ. ಇದರ ಹಿಂದಿನ ಗಣಿತ ಫ್ರಾನ್ಸಿನ ಕಾರು ಕಾರ್ಖಾನೆಗಳದ್ದು. ಸಿಟ್ರೋಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೊ, ರೆನೋದಲ್ಲಿ ಪಿಯರ್ ಬೆಜಿಯೆ ಕಾರಿನ ಮೈಯ ಬಾಗುಗಳನ್ನು ಲೆಕ್ಕಕ್ಕೆ ತರಲು ಇದನ್ನು ರೂಪಿಸಿದರು. ಕಾರಿನ ಬಾಗಿಲಿಗೆ ಹುಟ್ಟಿದ ಗೆರೆ ಇವತ್ತು ಕರಿಮಣಿಯ ಕೊಂಡಿಯನ್ನು ಸುತ್ತುತ್ತದೆ.

ಮತ್ತೆ ಮೊದಲಿಂದ ಮಾಡಲು ಕೂತೆ. ಈ ಸಲ ಮೊದಲು ಅಳತೆ. ಫೋಟೋದ ಅಗಲ 6000 ಪಿಕ್ಸೆಲ್. ಅಷ್ಟರಲ್ಲಿ ಹಿಡಿದಿದ್ದ ಜಾಗ 30 ಸೆಂಟಿಮೀಟರ್. ಅಂದರೆ ಒಂದು ಮಿಲಿಮೀಟರಿಗೆ 20 ಪಿಕ್ಸೆಲ್. ಕೊಂಡಿಯ ರಿಂಗಿನ ತಂತಿ 0.6 ಮಿಲಿಮೀಟರ್ ದಪ್ಪವಿತ್ತು, ಚಿತ್ರದಲ್ಲಿ ಅದು 12 ಪಿಕ್ಸೆಲ್. ಈ 12 ಎಂಬ ಸಂಖ್ಯೆಯ ಮೇಲೆ ಇಡೀ ಕೆಲಸ ನಿಂತಿದೆ.

ಏಕೆಂದರೆ ಗೆರೆಯನ್ನು ಲೋಹದ ಅಂಚಿನ ಮೇಲೆ ಸರಿಯಾಗಿ ಎಳೆಯುವುದಿಲ್ಲ, ಒಂದು ಪಿಕ್ಸೆಲ್ ಒಳಗೆ ಎಳೆಯುತ್ತೇವೆ. ಅಂಚಿನ ಪಿಕ್ಸೆಲ್‌ಗಳಲ್ಲಿ ಚಿನ್ನವೂ ಹಾಳೆಯೂ ಬೆರೆತಿರುತ್ತವೆ. ಅವನ್ನು ಉಳಿಸಿಕೊಂಡರೆ ಕೆಂಪು ಪುಟದ ಮೇಲೆ ಒಡವೆಯ ಸುತ್ತ ಸುಣ್ಣದ ಗೆರೆ ಎಳೆದಂತೆ ಕಾಣುತ್ತದೆ. ಆದರೆ ಹೊಸಬರಿಗೆ ಇಲ್ಲೊಂದು ಎಡವಟ್ಟು ಕಾದಿರುತ್ತದೆ. ‘ಒಳಗೆ’ ಎಂದರೆ ಲೋಹದ ಒಳಗೆ. ಹೊರಗೆರೆಯನ್ನು ಕುಗ್ಗಿಸಬೇಕು ನಿಜ, ತೂತಿನ ಗೆರೆಯನ್ನು ಮಾತ್ರ ಹಿಗ್ಗಿಸಬೇಕು. ತೂತನ್ನೂ ಕುಗ್ಗಿಸಿ ಎಳೆದರೆ ಒಳಗಡೆ ಬೂದು ಬಳೆ ಹಾಗೇ ಉಳಿಯುತ್ತದೆ.

ಈಗ ಲೆಕ್ಕ ನೋಡಿ. ಹೊರಗಿಂದ ಒಂದು, ಒಳಗಿಂದ ಒಂದು ಪಿಕ್ಸೆಲ್ ಹೋದರೆ 12ರ ತಂತಿಯಲ್ಲಿ 10 ಉಳಿಯಿತು. ಕಣ್ಣಿಗೆ ಗೊತ್ತಾಗದು. ಚಿತ್ರವನ್ನು ಮೊದಲೇ 2000 ಪಿಕ್ಸೆಲ್‌ಗೆ ಚಿಕ್ಕದು ಮಾಡಿ ಆಮೇಲೆ ಕತ್ತರಿಸಿದರೆ? ತಂತಿ ಇರುವುದೇ 4 ಪಿಕ್ಸೆಲ್, ಎರಡು ಹೋದರೆ ಅರ್ಧ ಚಿನ್ನ ಮಾಯ. ಗಿರಾಕಿ ‘ಏನ್ರೀ ಇಷ್ಟು ತೆಳು ರಿಂಗು ಹಾಕಿದ್ದೀರಾ’ ಎಂದು ಅಕ್ಕಸಾಲಿಗನನ್ನು ಬೈಯುತ್ತಾನೆ. ಪೂರ್ತಿ ಗಾತ್ರದ ಚಿತ್ರದಲ್ಲೇ ಕತ್ತರಿಸಿ, ಚಿಕ್ಕದು ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಗೆರೆ ಎಳೆಯುವಾಗ ನಾನು ಚಿತ್ರವನ್ನು 300 ಪರ್ಸೆಂಟಿಗೆ ಹಿಗ್ಗಿಸಿಕೊಳ್ಳುತ್ತೇನೆ. ಅದಕ್ಕೂ ಮೀರಿದರೆ ಬರೀ ಚೌಕಗಳು ಕಾಣುತ್ತವೆ, ಅಂಚು ಯಾವುದೆಂದೇ ತಿಳಿಯುವುದಿಲ್ಲ.

ಕೊಂಡಿ ಎಸ್ ಆಕಾರದ್ದು, ಚಿನ್ನದ ಪಟ್ಟಿಯಿಂದ ಮಾಡಿದ್ದು. ಒಂದು ಅರ್ಧದ ತುದಿಯನ್ನು ಮೈಗೆ ತಾಗುವಂತೆ ಒತ್ತಿ ಮುಚ್ಚಿದ್ದರು. ಇನ್ನೊಂದು ಅರ್ಧ ತೆಗೆದು ಹಾಕಲು ಬರುವಂತೆ ಕೂದಲೆಳೆಯಷ್ಟು ಸಂದು ಬಿಟ್ಟಿತ್ತು. ನೋಡಲು ಎರಡೂ ಒಂದೇ ಥರ. ಪೆನ್ನಿನ ಪಾಲಿಗೆ ಎರಡೂ ಬೇರೆ ಬೇರೆ ಜಾತಿ. ಮುಚ್ಚಿದ ಅರ್ಧದ ಒಳಗಿರುವುದು ಕೆರೆ, ಸುತ್ತಲೂ ದಂಡೆ. ಅದಕ್ಕೆ ಪ್ರತ್ಯೇಕವಾದ ಮುಚ್ಚಿದ ಗೆರೆ ಬೇಕು. ಸಂದು ಇರುವ ಅರ್ಧದ ಒಳಗಿರುವುದು ಕೊಲ್ಲಿ, ಹೊರಗಿನ ಸಮುದ್ರ ಸಂದಿನ ಮೂಲಕ ಒಳಕ್ಕೆ ಬಂದಿರುತ್ತದೆ. ಅಲ್ಲಿ ಹೊರಗೆರೆಯೇ ಸಂದಿನಲ್ಲಿ ನುಸುಳಿ, ಒಳಗೆಲ್ಲ ಸುತ್ತಿ, ಮತ್ತೆ ಅದೇ ಸಂದಿನಿಂದ ಹೊರಬರಬೇಕು. ಕೊಲ್ಲಿಯನ್ನು ಕೆರೆಯೆಂದು ಎಣಿಸಿ ಬೇರೆ ಗೆರೆ ಹಾಕಿದರೆ ಸಂದು ಮುಚ್ಚಿಹೋಗಿ, ಬಿಚ್ಚಲು ಬಾರದ ಕೊಂಡಿ ತಯಾರಾಗುತ್ತದೆ. ನನ್ನ ಚಿತ್ರದಲ್ಲಿ ಸಂದು 6 ಪಿಕ್ಸೆಲ್ ಇತ್ತು. ಅಲ್ಲಿ ಎರಡೂ ಕಡೆ ಒಂದೊಂದು ಪಿಕ್ಸೆಲ್ ಲೋಹ ತಿಂದರೆ ಅದು 8 ಆಗಿ ಕೊಂಡಿ ಸಡಿಲವಾದಂತೆ ಕಾಣುತ್ತದೆ. ಅರ್ಧ ಪಿಕ್ಸೆಲ್‌ನಷ್ಟೇ ಒಳಗೆ ಹೋದೆ.

ಇನ್ನು ಕೆರೆಗಳ ಎಣಿಕೆ. ಎರಡು ಬಳೆಗಳನ್ನು ಒಂದಕ್ಕೊಂದು ಕೋದು ಮೇಜಿನ ಮೇಲೆ ಸಡಿಲವಾಗಿ ಇಟ್ಟು ಮೇಲಿನಿಂದ ನೋಡಿ. ಕಾಣುವ ತೂತು ಎರಡಲ್ಲ, ಮೂರು: ಮೊದಲ ಬಳೆಯದ್ದಷ್ಟೇ ಒಂದು, ಎರಡನೆಯದರದ್ದಷ್ಟೇ ಒಂದು, ನಡುವೆ ಇಬ್ಬರಿಗೂ ಸೇರಿದ, ಬಾದಾಮಿ ಆಕಾರದ ಇನ್ನೊಂದು. ಎಳೆದು ಬಿಗಿಮಾಡಿದರೆ ಬಾದಾಮಿ ಮುಚ್ಚಿಕೊಂಡು ಎರಡೇ ಉಳಿಯುತ್ತವೆ. ನನ್ನ ಸರದಲ್ಲಿ ತುದಿಗೆ ಬೆಸೆದ ರಿಂಗು ಮುಚ್ಚಿದ ಅರ್ಧದೊಳಗೆ ಸಡಿಲವಾಗಿ ಕೂತಿತ್ತು, ಅಲ್ಲಿ ಮೂರು ಕೆರೆ. ತೆರೆದ ಅರ್ಧದಲ್ಲಿ ಎರಡು ಕೆರೆ, ಒಂದು ಕೊಲ್ಲಿ. ಗೆರೆ ಎಳೆಯುವ ಮೊದಲೇ ಚೀಟಿಯಲ್ಲಿ ಬರೆದುಕೊಂಡೆ: ಕೆರೆ 5, ಕೊಲ್ಲಿ 1. ಹಿಂದಿನ ಸಲ ಬರೆದುಕೊಂಡಿದ್ದರೆ ಸೀಸದ ಮಾತು ಕೇಳಬೇಕಿರಲಿಲ್ಲ.

ದುಂಡು ಸುಲಭ. ರಿಂಗಿಗೆ ನಾಲ್ಕು ಚುಕ್ಕೆ ಸಾಕು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಹಿಡಿಕೆಯ ಉದ್ದ ಅರೆವ್ಯಾಸದ 0.55 ಭಾಗ ಇದ್ದರೆ ಕಣ್ಣು ಅದನ್ನು ವೃತ್ತವೆಂದೇ ಒಪ್ಪುತ್ತದೆ. ಹದಿನೈದು ಚುಕ್ಕೆ ಇಟ್ಟು ಹುಷಾರಾಗಿ ಎಳೆದ ರಿಂಗು ಕೊನೆಗೆ ಸೊಟ್ಟ ವಡೆಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕಷ್ಟ ಇರುವುದು ಮೂಲೆಗಳಲ್ಲಿ. ಬಾದಾಮಿಯ ಎರಡು ತುದಿ, ಸಂದಿನ ಬಾಯಿಯ ಎರಡು ಅಂಚು, ಕೊಂಡಿಪಟ್ಟಿಯನ್ನು ಚಪ್ಪಟೆಯಾಗಿ ಕತ್ತರಿಸಿದ ಕೊನೆ. ಬಾಗಿ ಬಂದ ಗೆರೆ ಅಲ್ಲಿ ಥಟ್ಟನೆ ತಿರುಗಬೇಕು. ಚುಕ್ಕೆ ಮೂಲೆಯ ಮೇಲೆಯೇ ಬೀಳಬೇಕು. ಪಕ್ಕದಲ್ಲಿ ಬಿದ್ದರೆ ಯಾವ ಹಿಡಿಕೆಯೂ ಅದನ್ನು ರಿಪೇರಿ ಮಾಡದು. ಚುಕ್ಕೆ ಇಟ್ಟು ಎಳೆದು ಬಂದ ಬಾಗನ್ನು ಕೂರಿಸಿದ ಮೇಲೆ, Alt ಕೀ ಒತ್ತಿ ಅದೇ ಚುಕ್ಕೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಮುಂದಿನ ಹಿಡಿಕೆ ಮಾಯವಾಗುತ್ತದೆ. ಹಿಂದಿನ ಬಾಗು ಹಾಗೇ ಇರುತ್ತದೆ, ಮುಂದಿನ ಗೆರೆ ಹೊಸ ದಿಕ್ಕಿಗೆ ಹೊರಡಲು ಸ್ವತಂತ್ರ. ಇದನ್ನು ಮಾಡದಿದ್ದರೆ ಹಳೆಯ ಹಿಡಿಕೆ ಗೆರೆಯನ್ನು ಮೂಲೆಯಾಚೆಗೆ ತಳ್ಳಿ, ಅಲ್ಲೊಂದು ಗಂಟು ಉಬ್ಬುತ್ತದೆ.

ಹಾಗೆಂದು ಎಲ್ಲ ಮೂಲೆಯನ್ನೂ ಚೂಪು ಮಾಡಹೊರಟರೆ ತಪ್ಪು. ಅಕ್ಕಸಾಲಿಗ ಕೊನೆಗೆ ಅರ ಹಾಕಿ ಉಜ್ಜಿರುತ್ತಾನೆ, ಇಲ್ಲದಿದ್ದರೆ ಕುತ್ತಿಗೆ ಗೀರುತ್ತದೆ. ನನ್ನ ಕೊಂಡಿಯ ತುದಿಯಲ್ಲಿ ಅರ ಆಡಿದ ದುಂಡು ಸುಮಾರು 6 ಪಿಕ್ಸೆಲ್ ಇತ್ತು. ಅಲ್ಲಿ ಒಂದೇ ಚುಕ್ಕೆ ಇಟ್ಟರೆ ಚೂಪುತುದಿಯ ಜೊತೆ ಹಾಳೆಯ ಬೂದು ಚೂರೂ ಅಂಟಿಕೊಂಡು ಬರುತ್ತದೆ. ದುಂಡು ಶುರುವಾಗುವಲ್ಲಿ ಒಂದು, ಮುಗಿಯುವಲ್ಲಿ ಒಂದು, ಹೀಗೆ ಎರಡು ಚುಕ್ಕೆ ಇಟ್ಟೆ. ಬಾದಾಮಿಯ ತುದಿಗಳಿಗೆ ಮಾತ್ರ ಒಂದೊಂದೇ. ಅದು ಒಂದು ತಂತಿ ಇನ್ನೊಂದನ್ನು ದಾಟುವ ಜಾಗ, ಅಲ್ಲಿ ಅರ ತಾಗುವುದಿಲ್ಲ.

ಗೆರೆಗಳನ್ನು ಎಳೆದ ಮಾತ್ರಕ್ಕೆ ತೂತು ಬೀಳುವುದಿಲ್ಲ. ಯಾವ ಗೆರೆ ಕಳೆಯಬೇಕು ಎಂದು ಹೇಳಬೇಕು. ಮೇಲಿನ ಪಟ್ಟಿಯಲ್ಲಿ Combine Shapes ಇದ್ದರೆ ಕೆರೆಯೂ ಲೋಹದ ಜೊತೆ ಸೇರಿ ತುಂಬಿಬಿಡುತ್ತದೆ. Exclude Overlapping Shapes ಎಂದಿಟ್ಟರೆ ಒಂದರ ಮೇಲೊಂದು ಬಿದ್ದ ಜಾಗ ಖಾಲಿಯಾಗುತ್ತದೆ. ಇದಕ್ಕೂ ಒಂದು ಚೇಷ್ಟೆಯಿದೆ: ಪಕ್ಕಪಕ್ಕದ ಎರಡು ಕೆರೆಗಳ ಗೆರೆ ಅಪ್ಪಿತಪ್ಪಿ ಒಂದನ್ನೊಂದು ದಾಟಿದರೆ, ದಾಟಿದ ಚೂರು ಮತ್ತೆ ತುಂಬಿಕೊಳ್ಳುತ್ತದೆ. ಇಕ್ಕಟ್ಟಿನ ಕೊಂಡಿಗಳಲ್ಲಿ ಅದಕ್ಕೇ ನಾನು Subtract Front Shape ಬಳಸುತ್ತೇನೆ, ಅದು ದಾಟಿದರೂ ಕಳೆಯುತ್ತಲೇ ಇರುತ್ತದೆ.

ಇನ್ನೊಂದು, ಅತ್ತುಕೊಂಡು ಕಲಿತದ್ದು. ಹೊಸದಾಗಿ ಎಳೆದ ಗೆರೆ Work Path ಎಂಬ ಹೆಸರಿನಲ್ಲಿ ತಾತ್ಕಾಲಿಕವಾಗಿ ಕೂತಿರುತ್ತದೆ. ಅದರ ಆಯ್ಕೆ ಬಿಟ್ಟು ಮತ್ತೆಲ್ಲೋ ಪೆನ್ ಊರಿದರೆ ಹಳೆಯದು ಅಳಿದು ಹೊಸದು ಬರುತ್ತದೆ. ಒಮ್ಮೆ ಒಂದು ಜುಮುಕಿಯ ಇಡೀ ಜಾಲರಿ ಹೀಗೆ ಹೋಯಿತು. ಆ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಬೇರೆ ಹೆಸರಿಟ್ಟರೆ ಗೆರೆ ಉಳಿಯುತ್ತದೆ.

ಪರೀಕ್ಷೆಗೆ ಕತ್ತರಿಸಿದ ಸರದ ಕೆಳಗೆ ಕಣ್ಣು ಕುಕ್ಕುವ ಗಿಳಿಹಸಿರು ಹಾಸುತ್ತೇನೆ. ಬಿಟ್ಟುಹೋದ ಕೆರೆ ಬೂದು ಚುಕ್ಕೆಯಾಗಿ ಎದ್ದು ಕಾಣುತ್ತದೆ, ಅತಿಯಾಗಿ ಕತ್ತರಿಸಿದ ಕಡೆ ತಂತಿ ಸವೆದಂತೆ ಕಾಣುತ್ತದೆ. ಚೀಟಿಯ ಐದನ್ನು ಒಂದೊಂದಾಗಿ ಹೊಡೆದುಹಾಕಿದೆ. ಮಣಿಮಣಿಯ ನಡುವೆ ದಾರದ ಪಕ್ಕ ಉಳಿದ ಸೂಜಿಮೊನೆಯಷ್ಟು ಎಡೆಗಳನ್ನು ಬೇಕೆಂದೇ ಬಿಟ್ಟೆ. ಪುಟದ ಗಾತ್ರಕ್ಕೆ ಚಿಕ್ಕದಾದಾಗ ಅವು ಒಂದು ಪಿಕ್ಸೆಲ್ಲೂ ಉಳಿಯುವುದಿಲ್ಲ, ಕಪ್ಪು ಮಣಿಯ ನೆರಳಿನಲ್ಲಿ ಕರಗಿಹೋಗುತ್ತವೆ. ಇದೇ ಸರ ರಸ್ತೆಬದಿಯ ದೊಡ್ಡ ಬೋರ್ಡಿಗೆ ಹೋಗುವುದಾದರೆ ಅವನ್ನೂ ಬಿಡಿಸಬೇಕಾಗುತ್ತದೆ, ಕೂಲಿಯೂ ಬೇರೆ.

ಕೊಂಡಿಯಾಚೆ ಸರದ ಒಂದು ತುದಿ ಮಾತ್ರ ನನ್ನ ಕೈ ಮೀರಿತ್ತು. ಕ್ಯಾಮೆರಾ ಕೊಂಡಿಯ ಮೇಲೆ ಫೋಕಸ್ ಆಗಿ, ಹಿಂದೆ ಸರಿದ ನಾಲ್ಕೈದು ಮಣಿಗಳು ಮಸುಕಾಗಿದ್ದವು. ಮಸುಕಿಗೆ ಅಂಚೇ ಇಲ್ಲ. ಪೆನ್ನಿನ ಗೆರೆ ಅಲ್ಲಿ ಹಾದರೆ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಮಣಿಯಾಗುತ್ತದೆ. ಅಷ್ಟು ಜಾಗಕ್ಕೆ ಗೆರೆ ಕೈಬಿಟ್ಟು, ಮಾಸ್ಕ್ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಒರೆಸಿ ಸಾಗಹಾಕಿದೆ. ಮುಂದಿನ ಸರಕ್ಕೆ ಫೋಕಸ್ ಬದಲಿಸಿ ಮೂರು ನಾಲ್ಕು ಫೋಟೋ ತೆಗೆದು ಕೂಡಿಸಿ ಕೊಡಿ ಎಂದು ಫೋಟೋದವರಿಗೆ ಹೇಳಿದ್ದೇನೆ.